ತುಂಬಿದ ಕಾರ್ಡಿನಲ್ಲಿ ನನ್ನ ಮೂರು ಸಾಲು

ನಮ್ಮ ಆಫೀಸಿನಲ್ಲಿ ಬರ್ತ್‌ಡೇ ಕಾರ್ಡು ಖಾಕಿ ಕವರಿನೊಳಗೆ ಅಡಗಿಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತದೆ. ನನ್ನ ಸೀಟು ಮೂಲೆಯಲ್ಲಿದೆ, ಹಾಗಾಗಿ ನನಗೆ ಬರೋದು ಕೊನೆಗೆ. ಅಷ್ಟರಲ್ಲಿ ಇಪ್ಪತ್ತೋ ಇಪ್ಪತ್ತೈದೋ ಜನ ಬರೆದಿರುತ್ತಾರೆ. ಮೊದಲಿನವರು ನಟ್ಟನಡುವೆ ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಬಲೂನು ಬೇರೆ ಬಿಡಿಸಿರುತ್ತಾರೆ. "ಸುಮ್ನೆ ಸೈನ್ ಹಾಕಿ ಕೊಡಪ್ಪ, ಅದನ್ನೆಲ್ಲ ಯಾರು ಓದ್ತಾರೆ" ಅಂತ ಎಲ್ಲರೂ ಹೇಳ್ತಿದ್ದರು. ಈ ಸಲ ಓದಿದರು, ಅದಕ್ಕೇ ಬರೀತಿದ್ದೇನೆ.

ಕಾರ್ಡು ನಮ್ಮ ಅಕೌಂಟ್ಸ್ ಮೇಡಂದು. ನಮ್ಮಪ್ಪನ ಆಪರೇಷನ್ ದಿನವೇ 20ನೇ ತಾರೀಖು, ಜಿಎಸ್‌ಟಿ ರಿಟರ್ನ್ ಹಾಕಲು ಕೊನೇ ದಿನ. ನಾನು ಆಸ್ಪತ್ರೆಯಲ್ಲಿದ್ದೆ. ಮೇಡಂ ನನ್ನ ಪಾಲಿನದನ್ನೂ ಕೂತು ಮುಗಿಸಿ, ಯಾರಿಗೂ ಹೇಳದೆ ಮನೆಗೆ ಹೋಗಿದ್ದರು. ಇದನ್ನು "ಹ್ಯಾಪಿ ಬರ್ತ್‌ಡೇ" ಅಂತ ಗೀಚಿ ಮುಗಿಸೋಕಾಗುತ್ತಾ?

ತುಂಬಿದ ಕಾರ್ಡಿನಲ್ಲಿ ಜಾಗ ಹುಡುಕುವ ಹಿಂದಿನ ಪ್ರಯೋಗಗಳಲ್ಲಿ ದುಡ್ಡು ಸಾಕಷ್ಟು ಹೋಗಿತ್ತು. ಬೇರೆ ಚೀಟಿಯಲ್ಲಿ ಬರೆದು ಕಾರ್ಡಿನೊಳಗೆ ಇಟ್ಟಿದ್ದೆ. ಕೇಕ್ ಕತ್ತರಿಸುವಾಗ ಅದು ಜಾರಿ ಕ್ರೀಮಿನ ಮೇಲೆ ಬಿತ್ತು. ಕಾರ್ಡಿನ ಮಡಿಕೆ ಉದ್ದಕ್ಕೂ ಬರೆದದ್ದು ನಾಲ್ಕು ಸಲ ತೆಗೆದು ಮುಚ್ಚುವಷ್ಟರಲ್ಲಿ ಬಿರುಕು ಬಿಟ್ಟಿತು. ಇನ್ನು ಕಾರ್ಡಿನ ಬೆನ್ನು. ಅಲ್ಲಿ ಜಾಗ ಯಾವಾಗಲೂ ಖಾಲಿ, ಆದರೆ ನುಣುಪು. ಬಾಲ್ ಪೆನ್ ಜಾರುತ್ತದೆ, ಜೆಲ್ ಪೆನ್ನಿನ ಶಾಯಿ ಒಣಗೋದೇ ಇಲ್ಲ. ಇನ್ನೂರು ರೂಪಾಯಿ ಆಸುಪಾಸಿನ ಒಂದು ಕಾರ್ಡಿಗೆ ಹೀಗೇ ಮಸಿ ಬಳಿದುಕೊಂಡು, ಹೊಸದಕ್ಕೆ ನಾನೇ ದುಡ್ಡು ಕೊಟ್ಟೆ. ಎಲ್ಲರ ಹತ್ತಿರ ಮತ್ತೆ ಬರೆಸೋದು ಇನ್ನೊಂದು ತಲೆನೋವು. ಸಿಡಿ ಮೇಲೆ ಬರೆಯುವ ಸಣ್ಣ ಮೊನೆಯ ಮಾರ್ಕರ್ ಬೆನ್ನಿಗೆ ಹಿಡಿಯುತ್ತದೆ, ಮೂವತ್ತೋ ನಲವತ್ತೋ ಕೊಟ್ಟೆ. ಒಳಗೆ ಮಾತ್ರ ಅದನ್ನು ಮುಟ್ಟಿಸಬೇಡಿ, ಕಾಗದ ಶಾಯಿ ಹೀರಿ ಅಕ್ಷರ ಊದಿಕೊಳ್ಳುತ್ತದೆ. ಒಳಗೆ ನಾನು ಬಳಸುವ ಪೆನ್ ಯಾವುದು ಅಂತ ಹೇಳೋದಿಲ್ಲ, ಹೇಳಿದರೆ ನಾಳೆ ನನ್ನ ಡ್ರಾಯರ್‌ನಲ್ಲಿ ಅದು ಇರೋದಿಲ್ಲ.

ನಿಜವಾದ ಕಷ್ಟ ಪೆನ್ನಿನದಲ್ಲ, ಒತ್ತಕ್ಷರದ್ದು. ಸಣ್ಣದಾಗಿ ಬರೆದರೆ ಆಯ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಸಾಲು ಹತ್ತಿರ ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ, ಗುಡಿಸಿಗೆ ಸಿಕ್ಕಿಕೊಂಡು ಏನೂ ಓದೋಕಾಗಲ್ಲ. ಮೇಡಂ ಕಾರ್ಡಿನಲ್ಲಿ ಉಳಿದಿದ್ದದ್ದು ಒಳಗಡೆ ಬಲಗಡೆ ಕೆಳಗೆ, ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು ಜಾಗ. ಟೀ ಬಿಲ್ಲಿನ ಹಿಂದೆ ಅಷ್ಟೇ ದೊಡ್ಡ ಚೌಕ ಹಾಕಿ ಮೊದಲು ಹೀಗೆ ಬರೆದೆ:

"ಹುಟ್ಟುಹಬ್ಬದ ಶುಭಾಶಯಗಳು ಮೇಡಂ. ಅಪ್ಪನ ಆಪರೇಷನ್ ದಿನ ನನ್ನ ಜಿಎಸ್‌ಟಿ ಫೈಲಿಂಗ್ ಮಾಡಿದ್ದಕ್ಕೆ ಕೃತಜ್ಞತೆಗಳು."

ಚೌಕದೊಳಗೆ ಹಿಡಿಸಲಿಲ್ಲ. ಒತ್ತುಗಳೋ, ಒಂದರ ಕಾಲು ಇನ್ನೊಂದರ ತಲೆ ಮೇಲೆ. ಶುಭಾಶಯ ಹೊಡೆದುಹಾಕಿದೆ, ಅದು ಕಾರ್ಡಿನ ಮೇಲೆ ಅಚ್ಚಾಗಿಯೇ ಇದೆ, ಮತ್ತೆ ಇಪ್ಪತ್ತು ಜನ ಬೇರೆ ಬರೆದಿದ್ದಾರೆ. "ಅಪ್ಪನ" ಬೇಡ, ಯಾರ ಆಪರೇಷನ್ ಅಂತ ಮೇಡಂಗೆ ಗೊತ್ತು. "ಫೈಲಿಂಗ್" ಅಂತೂ ಬೇಡವೇ ಬೇಡ. ಈ ಕಾರ್ಡನ್ನು ಮ್ಯಾನೇಜರ್ ಸಹ ಓದ್ತಾರೆ ಅಲ್ವಾ, ನನ್ನ ಕೆಲಸ ಮೇಡಂ ಮಾಡಿದ್ದು ನಾನೇ ಬರೆದುಕೊಟ್ಟಂತಾಗುತ್ತದೆ. ಉಳಿದದ್ದು:

"ಮೇಡಂ, ಆಪರೇಷನ್ ದಿನ ಆ ಕೆಲಸ ನೀವೇ
ಮುಗಿಸಿದಿರಿ. ಯಾರಿಗೂ ಹೇಳದೆ ಹೋದಿರಿ.
ನಾನು ಮರೆತಿಲ್ಲ."

ನೋಡಿ, ಮೊದಲೆರಡು ಸಾಲಿನಲ್ಲಿ ಒಂದೂ ಒತ್ತಿಲ್ಲ. ಒತ್ತು ಬಂದಿದ್ದು ಕೊನೆಯ ಸಾಲಿನಲ್ಲಿ, ಅದರ ಕೆಳಗೆ ಯಾರೂ ಇಲ್ಲ. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದರೂ ಅಕ್ಷರ ಅಷ್ಟೇನೂ ಚಿಕ್ಕದಾಗಲಿಲ್ಲ. ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಹಾಕಿದೆ, ಸಾಕಾಯ್ತು. ಒಣಗಿತಾ ಅಂತ ನೋಡೋಕೆ ಮೂಲೆಯಲ್ಲಿ ಒಂದು ಚುಕ್ಕೆ ಇಟ್ಟು, ಹತ್ತು ಎಣಿಸಿ ಬೆರಳಲ್ಲಿ ಉಜ್ಜಿದೆ.

ನಮ್ಮ ಡ್ರೈವರಣ್ಣನ ಕಾರ್ಡಿನಲ್ಲಿ ಇನ್ನೊಂದು ಮಾಡಿ ನೋಡಿದ್ದೇನೆ. ಕಾರ್ಡನ್ನು ಅಡ್ಡ ತಿರುಗಿಸಿ ಅಂಚಿನುದ್ದಕ್ಕೂ ಒಂದೇ ಸಾಲು. ಅಲ್ಲಿ ಒತ್ತಿನ ಭಯವೇ ಇಲ್ಲ, ಎಷ್ಟು ಒತ್ತು ಬೇಕಾದರೂ ಬರಬಹುದು. ಆದರೆ ಓದುವವರು ಕಾರ್ಡು ತಿರುಗಿಸಬೇಕು, ಅಣ್ಣ ತಿರುಗಿಸಲೇ ಇಲ್ಲ. ಆಮೇಲೆ ನಾನೇ ತೋರಿಸಬೇಕಾಯ್ತು.

ಮೇಡಂ ಮಾತ್ರ ಸಂಜೆ ನನ್ನ ಟೇಬಲ್ಲಿಗೆ ಬಂದು "ಅಪ್ಪ ಈಗ ಓಡಾಡ್ತಿದಾರಾ?" ಅಂತ ಕೇಳಿದರು. "ಸೈನ್ ಹಾಕಪ್ಪ" ಅಂದಿದ್ದವರು ಪಕ್ಕದಲ್ಲೇ ಕೂತಿದ್ದರು. ಈಗ ಅವರಲ್ಲಿ ಇಬ್ಬರು ಟೀ ಬಿಲ್ ಹಿಡಿದುಕೊಂಡು ನನ್ನ ಹತ್ತಿರ ಬರ್ತಾರೆ, ಒತ್ತು ತೆಗೆಸಿಕೊಳ್ಳೋಕೆ. ಒಂದು ಟೀ ಕೊಡಿಸಿದರೆ ಮಾಡಿಕೊಡ್ತೇನೆ.