ಹಳೇ ಕಿಟಕಿಗೆ ಒಂದೇ ಸ್ಯಾಂಡ್‌ಪೇಪರ್ ಸಾಲದು

ಮೈಸೂರಿನ ಹಳೇ ಮನೆ ಕಿಟಕಿಗೆ ಬಣ್ಣ ಹೊಡೆಸುವವರೇ, ಮರಕ್ಕೂ ಸರಳಿಗೂ ಒಂದೇ ಪೇಪರ್ ತರಬೇಡಿ.

ತುಕ್ಕು ಹಿಡಿದ ಸರಳಿಗೆ ಬಟ್ಟೆಗೆ ಕಾಳು ಅಂಟಿಸಿದ ಎಮರಿ, 80 ನಂಬರಿನದು. ನಂಬರ್ ಹೆಚ್ಚಿದಷ್ಟೂ ಕಾಳು ಸಣ್ಣದು. ಪಟ್ಟಿಯಾಗಿ ಹರಿದು ಸರಳಿಗೆ ಸುತ್ತಿ, ಎರಡೂ ತುದಿ ಹಿಡಿದು ಎಳೆದಾಡಿ. ಕಾಗದದ್ದಾದರೆ ಮಡಿಕೆಯಲ್ಲೇ ಹರಿಯುತ್ತದೆ.

ಚೌಕಟ್ಟಿನ ಹಳೇ ಬಣ್ಣಕ್ಕೆ 80ರ ವಾಟರ್ ಪೇಪರ್, ಒದ್ದೆ ಮಾಡಿಯೇ ಉಜ್ಜಿ. ಒಣದಾಗಿ ಉಜ್ಜಿದರೆ ಬಿಸಿಗೆ ಬಣ್ಣ ಮೆತ್ತಗಾಗಿ ಕಾಳುಗಳ ನಡುವೆ ತುಂಬಿಕೊಳ್ಳುತ್ತದೆ. ಪೇಪರ್ ಹೊಳೆಯತೊಡಗಿದರೆ ಅದಿನ್ನು ಕೊರೆಯುವುದಿಲ್ಲ ಅಂತಲೇ ಲೆಕ್ಕ. ಅದಕ್ಕಿಂತ ಮುಖ್ಯ, ಹಳೇ ಬಣ್ಣದಲ್ಲಿ ಸೀಸ ಇರಬಹುದು. ಧೂಳು ಏಳಬಾರದು, ಮಕ್ಕಳು ಹತ್ತಿರ ಇರಬಾರದು.

ಮರ ಕಂಡ ಕೂಡಲೇ 80 ನಿಲ್ಲಿಸಿ. ಚೆನ್ನಾಗಿ ಒಣಗಿದ ಮೇಲೆ ಮಾಮೂಲಿ ಪೇಪರಿನಲ್ಲಿ 120, ಆಮೇಲೆ 150, ಮರದ ಎಳೆಯ ಉದ್ದಕ್ಕೇ. ಅಡ್ಡ ಉಜ್ಜಿದ ಗೀರು ವಾರ್ನಿಷ್ ಬಿದ್ದ ಮೇಲೆ ಎದ್ದು ಕಾಣುತ್ತದೆ.