ಶಾಂಪೂ ಬಾರ್‌ನಿಂದ ಕೂದಲು ಅಂಟಂಟಾಗುವುದೇಕೆ? ಗುರುತಿಸುವುದು, ಮಾಡುವುದು, ಒಯ್ಯುವುದು ಹೇಗೆ

ದ್ರವ ಶಾಂಪೂ ಬಿಟ್ಟು ಬಾರ್ ಹಿಡಿದವರಲ್ಲಿ ಬಹಳ ಮಂದಿಯ ದೂರು ಒಂದೇ. ಎಷ್ಟು ನೀರು ಸುರಿದರೂ ಕೂದಲು ಅಂಟಂಟು; ಒಣಗಿದ ಮೇಲೆ ಬಾಚಿದರೆ ಬಾಚಣಿಗೆಯ ಹಲ್ಲುಗಳ ಬುಡದಲ್ಲಿ ಬೂದು ಬಣ್ಣದ ಮೇಣದಂಥ ಜಿಡ್ಡು. ‘ಕೂದಲು ಬಾರ್‌ಗೆ ಒಗ್ಗಿಕೊಳ್ಳಬೇಕು, ಕೆಲವು ವಾರ ತಡೆಯಿರಿ’ ಎಂಬ ಸಮಾಧಾನ ಎಲ್ಲ ಕಡೆ ಸಿಗುತ್ತದೆ. ತಡೆದರೆ ಜಿಡ್ಡು ಇನ್ನಷ್ಟು ಸೇರುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಇದು ಕೂದಲು ಒಗ್ಗುವ ವಿಷಯವಲ್ಲ, ನೀರು ಮತ್ತು ಸಾಬೂನಿನ ನಡುವಿನ ರಸಾಯನಕ್ರಿಯೆ.

‘ಶಾಂಪೂ ಬಾರ್’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಪದಾರ್ಥಗಳು ಮಾರಾಟವಾಗುತ್ತವೆ. ಒಂದು ನಿಜವಾದ ಸಾಬೂನು: ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ, ಅಚ್ಚು ಹಾಕಿ, ಸಾಮಾನ್ಯವಾಗಿ ನಾಲ್ಕು ವಾರ ಹದಕ್ಕೆ ಬಿಟ್ಟದ್ದು. ಇದರ ಪಿಎಚ್ 9ರಿಂದ 10ರ ಆಸುಪಾಸು. ಇನ್ನೊಂದನ್ನು ಸಿಂಡೆಟ್ ಎನ್ನುತ್ತಾರೆ. ಇದರಲ್ಲಿ ಸಾಬೂನೇ ಇಲ್ಲ. ದ್ರವ ಶಾಂಪೂವಿನಲ್ಲಿರುವ ಜಾತಿಯ ನೊರೆ ಪದಾರ್ಥವನ್ನೇ ನೀರು ಕಡಿಮೆ ಮಾಡಿ ಗಟ್ಟಿಯಾಗಿಸಿರುತ್ತಾರೆ. ಇದರ ಪಿಎಚ್ 5ರಿಂದ 6ಕ್ಕೆ ಹೊಂದಿಸಬಹುದು. ಕೂದಲಿನ ಹೊರಪದರದ ಹುರುಪೆಗಳು ಇಂಥ ಸ್ವಲ್ಪ ಆಮ್ಲೀಯ ನೀರಿನಲ್ಲಿ ಮಟ್ಟಸವಾಗಿ ಕೂರುತ್ತವೆ, ಕ್ಷಾರದಲ್ಲಿ ಉಬ್ಬಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ.

ಗಡಸು ನೀರಿನ ಲೆಕ್ಕ

ನೀರಿನ ಗಡಸುತನವೆಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅದನ್ನು ಒಂದು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ ಎಂದು ಅಳೆಯುತ್ತಾರೆ. 60ರವರೆಗೆ ಮೆದು ನೀರು, 120 ದಾಟಿದರೆ ಗಡಸು, 180 ದಾಟಿದರೆ ಬಹಳ ಗಡಸು. ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿದ ಕ್ಷಣವೇ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಸಾಬೂನಾಗಿ ಬೇರ್ಪಡುತ್ತದೆ. ಬಾಚಣಿಗೆಯ ಮೇಲಿನ ಬೂದು ಜಿಡ್ಡು ಅದೇ.

ಎಷ್ಟು ಸಾಬೂನು ಹೀಗೆ ಹಾಳಾಗುತ್ತದೆ ನೋಡಿ. ಒಂದು ಗ್ರಾಂ ಗಡಸುತನ ಸುಮಾರು ಆರು ಗ್ರಾಂ ಸಾಬೂನನ್ನು ನುಂಗುತ್ತದೆ. ನಿಮ್ಮ ನಲ್ಲಿಯ ನೀರಿನ ಗಡಸುತನ 300 ಎಂದುಕೊಳ್ಳಿ. ಹತ್ತು ಲೀಟರಿನ ಒಂದು ಬಕೆಟ್‌ನಲ್ಲಿ 3 ಗ್ರಾಂ ಗಡಸುತನವಿದೆ. ಅದು 18 ಗ್ರಾಂ ಸಾಬೂನನ್ನು ಜಿಡ್ಡಾಗಿಸಬಲ್ಲದು. ತಲೆಗೆ ನಾವು ಉಜ್ಜುವುದು ಹೆಚ್ಚೆಂದರೆ ಎರಡು-ಮೂರು ಗ್ರಾಂ. ಅಷ್ಟನ್ನು ಜಿಡ್ಡಾಗಿಸಲು ಒಂದೂವರೆ ಲೀಟರಿನಷ್ಟು ನೀರು ಸಾಕು, ಅಂದರೆ ಮೊದಲ ಒಂದೆರಡು ಚೊಂಬು. ಆ ಹೊತ್ತಿಗೆ ತಲೆಯಲ್ಲಿ ಉಳಿದ ಸಾಬೂನೆಲ್ಲ ಕೂದಲಿಗೆ ಅಂಟಿಕೊಂಡಾಗಿರುತ್ತದೆ. ಆಮೇಲೆ ಎಷ್ಟು ನೀರು ಸುರಿದರೂ ಅದು ಕರಗುವುದಿಲ್ಲ, ಏಕೆಂದರೆ ಸುರಿಯುತ್ತಿರುವುದೂ ಅದೇ ಗಡಸು ನೀರು.

ಸಿಂಡೆಟ್ ಬಾರ್‌ನ ಮುಖ್ಯ ಪದಾರ್ಥವಾದ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಇಂಥ ನೀರನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ದ್ರವ ಶಾಂಪೂವಿನ ಸೋಡಿಯಂ ಲಾರೆತ್ ಸಲ್ಫೇಟ್ ಇನ್ನೂ ಗಟ್ಟಿ ಕುಳ. ಜೊತೆಗೆ ಅನೇಕ ಬಾಟಲಿಗಳಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಇಡಿಟಿಎ ಕೂಡ ಇರುತ್ತದೆ. ಹಾಗೆಂದು ಗಡಸು ನೀರಿನ ತೊಂದರೆ ಪೂರ್ತಿ ಮುಗಿಯಿತು ಎನ್ನಲಾಗದು. ಯಾವ ಶಾಂಪೂ ಹಾಕಿದರೂ ಕೂದಲು ತಾನೇ ನೀರಿನಿಂದ ಒಂದಿಷ್ಟು ಕ್ಯಾಲ್ಸಿಯಂ ಹೀರಿಕೊಂಡು ಒರಟಾಗುತ್ತದೆ. ಆದರೆ ಆ ಒರಟುತನ ಬೇರೆ, ಮೇಣದಂಥ ಅಂಟು ಬೇರೆ.

ಕೈಯಲ್ಲಿರುವುದು ಯಾವ ಬಾರ್?

ಮೊದಲು ಪೊಟ್ಟಣದ ಮೇಲಿನ ಪಟ್ಟಿ ಓದಿ. ಸೋಡಿಯಂ ಕೊಕೊಯೇಟ್, ಸೋಡಿಯಂ ಪಾಮೇಟ್, ಸೋಡಿಯಂ ಆಲಿವೇಟ್ ಎಂದೋ, ‘ಸಾಪೊನಿಫೈಡ್’ ಎಣ್ಣೆ ಎಂದೋ ಆರಂಭದಲ್ಲೇ ಇದ್ದರೆ ಅದು ಸಾಬೂನು. ಐಸೆಥಿಯೊನೇಟ್ ಅಥವಾ ಕೊಕೊ ಸಲ್ಫೇಟ್ ಮೊದಲಿದ್ದರೆ ಸಿಂಡೆಟ್. ಕೊಕೊಯೇಟ್ ಮತ್ತು ಕೊಕೊಯಿಲ್ ಎರಡೂ ನೋಡಲು ಒಂದೇ ಥರ, ಹಾಗಾಗಿ ಅದರ ಮುಂದಿನ ಪದವನ್ನೂ ಓದಿ.

ಪಟ್ಟಿ ಇಲ್ಲದಿದ್ದರೆ, ಅಥವಾ ಅದರ ಮೇಲೆ ನಂಬಿಕೆ ಇಲ್ಲದಿದ್ದರೆ, ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧದಷ್ಟು ಡಿಸ್ಟಿಲ್ಡ್ ವಾಟರ್, ಇನ್ನೊಂದಕ್ಕೆ ಅಷ್ಟೇ ನಲ್ಲಿ ನೀರು. ಬಾರ್‌ನಿಂದ ಕಡಲೆಕಾಳಿನಷ್ಟು ಹೆರೆದು ಎರಡಕ್ಕೂ ಹಾಕಿ, ಕರಗಲು ಬಿಟ್ಟು, ಜೋರಾಗಿ ಕುಲುಕಿ. ಡಿಸ್ಟಿಲ್ಡ್ ವಾಟರಿನಲ್ಲಿ ಎರಡೂ ಬಗೆಯ ಬಾರ್ ನೊರೆ ಕೊಡುತ್ತವೆ. ವ್ಯತ್ಯಾಸ ಕಾಣುವುದು ನಲ್ಲಿ ನೀರಿನಲ್ಲಿ. ಸಾಬೂನಾದರೆ ನೊರೆ ಎದ್ದ ಹಾಗೆ ಮಾಡಿ ಕುಸಿಯುತ್ತದೆ, ನೀರು ಒಡೆದ ಹಾಲಿನಂತೆ ಚೂರುಚೂರಾಗಿ, ಮೇಲೆ ಬಿಳಿ ಪದರ ತೇಲುತ್ತದೆ. ಸಿಂಡೆಟ್ ಆದರೆ ನೊರೆ ನಿಲ್ಲುತ್ತದೆ. ನೀರು ಸ್ವಲ್ಪ ಮಸುಕಾಗಬಹುದು, ಆದರೆ ಚೂರುಗಳು ಬೇರ್ಪಡುವುದಿಲ್ಲ. ಸಾಬೂನಿನ ಬಾರ್ ಎರಡು ಬಾಟಲಿಯಲ್ಲೂ ಒಂದೇ ರೀತಿ ನೊರೆ ಕೊಟ್ಟರೆ ನಿಮ್ಮ ನೀರು ಮೆದು ಎಂದರ್ಥ; ಅದನ್ನು ಅಲ್ಲಿ ನಿಶ್ಚಿಂತೆಯಿಂದ ಬಳಸಬಹುದು.

ಟಿಡಿಎಸ್ ಮೀಟರಿನ ಅಂಕಿಯನ್ನು ಗಡಸುತನವೆಂದು ಓದಬೇಡಿ. ಅದು ಅಡುಗೆ ಉಪ್ಪೂ ಸೇರಿದಂತೆ ಕರಗಿದ್ದನ್ನೆಲ್ಲ ಒಟ್ಟಾಗಿ ತೋರಿಸುತ್ತದೆ. ಗಡಸುತನ ಅಳೆಯುವ ಪಟ್ಟಿಗಳೇ ಬೇರೆ ಸಿಗುತ್ತವೆ.

ಎರಡನ್ನೂ ಮಾಡುವ ಬಗೆ

ದ್ರವ ಶಾಂಪೂವಿನ ಬಹುಪಾಲು ನೀರೇ. ಆ ನೀರಿಗೆ ಲಾರೆತ್ ಸಲ್ಫೇಟ್ ಮತ್ತು ಕೊಕಾಮಿಡೊಪ್ರೊಪಿಲ್ ಬೀಟೇನ್ ಹಾಕಿ, ನೊರೆ ಏಳದಂತೆ ನಿಧಾನವಾಗಿ ಕಲಕಿ, ಸಿಟ್ರಿಕ್ ಆಮ್ಲದಿಂದ ಪಿಎಚ್ ಇಳಿಸಿ, ಕೆಡದಂತೆ ಸಂರಕ್ಷಕ ಸೇರಿಸುತ್ತಾರೆ. ಅದಕ್ಕೆ ಮಂದತನ ಬರುವುದು ಮಾತ್ರ ಸಾದಾ ಉಪ್ಪಿನಿಂದ. ಉಪ್ಪು ಹಾಕುತ್ತ ಹೋದಂತೆ ದ್ರವ ಮಂದವಾಗುತ್ತದೆ. ಒಂದು ಮಿತಿ ದಾಟಿದರೆ ದಿಢೀರನೆ ಮತ್ತೆ ನೀರಾಗುತ್ತದೆ. ಆದ್ದರಿಂದ ಚಿಟಿಕೆ ಚಿಟಿಕೆಯಾಗಿಯೇ ಹಾಕಬೇಕು.

ಮನೆಯಲ್ಲಿ ಮಾಡಲು ನನಗೆ ಇಷ್ಟವಾಗುವುದು ಸಿಂಡೆಟ್ ಬಾರ್. ಕಾಸ್ಟಿಕ್ ಸೋಡಾದ ಅಪಾಯ ಇದರಲ್ಲಿಲ್ಲ, ವಾರಗಟ್ಟಲೆ ಕಾಯಬೇಕಿಲ್ಲ. 100 ಗ್ರಾಂ ಬಾರ್‌ಗೆ ಹೀಗೆ ತೂಗಿಕೊಳ್ಳಿ: ಐಸೆಥಿಯೊನೇಟ್ ಪುಡಿ 60 ಗ್ರಾಂ, ಬೀಟೇನ್ ದ್ರವ 16, ಸೀಟೈಲ್ ಆಲ್ಕೊಹಾಲ್ 8, ಸ್ಟಿಯರಿಕ್ ಆಮ್ಲ 6, ಕೋಕೋ ಬೆಣ್ಣೆ 3, ಗ್ಲಿಸರಿನ್ 3, ಡಿಸ್ಟಿಲ್ಡ್ ವಾಟರ್ 3, ಸಂರಕ್ಷಕ 1. ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ, ತಕ್ಕಡಿ ಬೇಕೇ ಬೇಕು. ಸಂರಕ್ಷಕದ ಪ್ರಮಾಣ ಒಂದೊಂದಕ್ಕೆ ಒಂದೊಂದು. ಅದರ ಪೊಟ್ಟಣದಲ್ಲಿ ಹೇಳಿದ ಮಿತಿಯನ್ನು ದಾಟಬೇಡಿ.

ಐಸೆಥಿಯೊನೇಟ್‌ನ ನಯವಾದ ಪುಡಿ ಹಾರಿ ಮೂಗು, ಗಂಟಲು, ಶ್ವಾಸಕೋಶಕ್ಕೆ ತೊಂದರೆ ಕೊಡುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ದೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ಆರಿಸಿ. ಪುಡಿಗೆ ಬೀಟೇನ್, ಗ್ಲಿಸರಿನ್, ನೀರು ಸೇರಿಸಿ, ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು 75–80 ಡಿಗ್ರಿಗೆ ಬಿಸಿ ಮಾಡಿ. ಅದು ಪೂರ್ತಿ ಕರಗಿ ದ್ರವವಾಗಲೆಂದು ಕಾಯಬೇಡಿ. ಚಮಚದ ಬೆನ್ನಿನಿಂದ ಒತ್ತುತ್ತಿದ್ದರೆ ಅರ್ಧ ಗಂಟೆಯಲ್ಲಿ ಒಣ ಪುಡಿ ಎಲ್ಲೂ ಕಾಣದ ಗಟ್ಟಿ ಮುದ್ದೆಯಾಗುತ್ತದೆ, ಅಷ್ಟು ಸಾಕು. ಸೀಟೈಲ್ ಆಲ್ಕೊಹಾಲ್, ಸ್ಟಿಯರಿಕ್ ಆಮ್ಲ, ಕೋಕೋ ಬೆಣ್ಣೆಯನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಈ ಮುದ್ದೆಗೆ ಸುರಿದು ನಾದಿ. ಕೈಗೆ ತಾಳುವಷ್ಟು, ಅಂದರೆ 45 ಡಿಗ್ರಿಯ ಕೆಳಗೆ ತಣಿದ ಮೇಲೆ ಸಂರಕ್ಷಕ ಬೆರೆಸಿ, ಕೈಗವಸು ಹಾಕಿಕೊಂಡು ಅಚ್ಚಿಗೆ ಬಲವಾಗಿ ಒತ್ತಿ. ಒಳಗೆ ಗಾಳಿ ಉಳಿದರೆ ಬಾರ್ ಬಳಸುವಾಗ ಅಲ್ಲೇ ಬಿರಿಯುತ್ತದೆ. ಅಚ್ಚಿನಿಂದ ತೆಗೆದು ಎರಡು-ಮೂರು ದಿನ ಗಾಳಿಯಲ್ಲಿ ಒಣಗಿಸಿ.

ಪಿಎಚ್ ನೋಡಲು ಒಂದು ಗ್ರಾಂ ಬಾರ್ ಅನ್ನು ಒಂಬತ್ತು ಗ್ರಾಂ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಪಿಎಚ್ ಪಟ್ಟಿ ಅದ್ದಿ. 6ಕ್ಕಿಂತ ಮೇಲಿದ್ದರೆ ಮುಂದಿನ ಬಾರಿ ಆ 3 ಗ್ರಾಂ ನೀರಿನಲ್ಲೇ ಚೂರು ಸಿಟ್ರಿಕ್ ಆಮ್ಲ ಕರಗಿಸಿ ಹಾಕಿ. ಬಾರ್ ಪುಡಿಪುಡಿಯಾದರೆ ಐಸೆಥಿಯೊನೇಟ್ ಸರಿಯಾಗಿ ನೆಂದಿಲ್ಲ, ಮತ್ತೆ ಬಿಸಿ ಮಾಡಿ ಒತ್ತಬಹುದು. ಒಣಗಿದ ಮೇಲೂ ಬೆರಳು ಒತ್ತಿದರೆ ತಗ್ಗು ಬೀಳುತ್ತಿದ್ದರೆ ನೀರು ಹೆಚ್ಚಾಗಿದೆ. ಅಡುಗೆ ಸೋಡಾ ಹಾಕುವ ಸಲಹೆ ಕಂಡರೆ ಒಪ್ಪಬೇಡಿ: ಕ್ಷಾರದಲ್ಲಿ ಐಸೆಥಿಯೊನೇಟ್ ಒಡೆಯುತ್ತದೆ, ಸ್ಟಿಯರಿಕ್ ಆಮ್ಲ ಸಾಬೂನಾಗುತ್ತದೆ. ತಪ್ಪಿಸಬೇಕೆಂದಿದ್ದ ಜಿಡ್ಡು ಬಾರ್‌ನೊಳಗಿಂದಲೇ ಬರುತ್ತದೆ.

ಈಗಾಗಲೇ ಅಂಟಾದ ಕೂದಲಿಗೆ

ವಿನೆಗರ್ ನೀರು ಹಾಕಿ ಎಂಬ ಸಲಹೆ ಅರ್ಧ ಸರಿ. ಆಮ್ಲ ಕ್ಯಾಲ್ಸಿಯಂ ಅನ್ನು ಬಿಡಿಸುತ್ತದೆ, ಆದರೆ ಉಳಿಯುವುದು ಕೊಬ್ಬಿನ ಆಮ್ಲ, ಅದೂ ಮೇಣದಂಥದ್ದೇ. ಆದ್ದರಿಂದ ಕ್ರಮ ಮುಖ್ಯ: ಮೊದಲು ಆಮ್ಲ, ಆಮೇಲೆ ಶಾಂಪೂ. ಒಂದು ಲೀಟರ್ ನೀರಿಗೆ ಕಾಲು ಟೀ ಚಮಚ ಸಿಟ್ರಿಕ್ ಆಮ್ಲ, ಇಲ್ಲವೇ ಎರಡು ದೊಡ್ಡ ಚಮಚ ವಿನೆಗರ್ ಬೆರೆಸಿ, ಕಣ್ಣಿಗೆ ತಾಗದಂತೆ ಕೂದಲಿಗೆ ಹಾಕಿ ಎರಡು-ಮೂರು ನಿಮಿಷ ಬಿಡಿ. ನಂತರ ಇಡಿಟಿಎ ಇರುವ ದ್ರವ ಶಾಂಪೂವಿನಿಂದ ಎರಡು ಸಲ ತೊಳೆಯಿರಿ. ಬಾಚಣಿಗೆಯನ್ನೂ ತೊಳೆಯಲು ಮರೆಯಬೇಡಿ, ಇಲ್ಲದಿದ್ದರೆ ಅದರ ಜಿಡ್ಡು ಮತ್ತೆ ತಲೆಗೇ ಬರುತ್ತದೆ.

ಪ್ರಯಾಣಕ್ಕೆ ಯಾವುದು?

ವಿಮಾನದಲ್ಲಿ ಕೈಚೀಲ ಮಾತ್ರ ಒಯ್ಯುವುದಾದರೆ ಬಾರ್‌ಗೆ ನನ್ನ ಮತ. ಅನೇಕ ನಿಲ್ದಾಣಗಳಲ್ಲಿ ದ್ರವಕ್ಕೆ ಒಂದು ಬಾಟಲಿಗೆ 100 ಮಿಲಿಲೀಟರ್ ಎಂಬ ಮಿತಿ ಇನ್ನೂ ಇದೆ, ಬಾರ್‌ಗೆ ಅದು ಅನ್ವಯಿಸುವುದಿಲ್ಲ. ದ್ರವವನ್ನೇ ಒಯ್ಯುವವರು ಮುಚ್ಚಳ ಹಾಕುವ ಮುನ್ನ ಬಾಟಲಿಯನ್ನು ಹಿಸುಕಿ ಗಾಳಿ ಹೊರಗೆ ಬಿಡಬೇಕು. ಮೇಲೆ ಒತ್ತಡ ಕಡಿಮೆಯಾದಾಗ ಹಿಗ್ಗಿ ಶಾಂಪೂವನ್ನು ಹೊರಗೆ ತಳ್ಳುವುದು ಒಳಗೆ ಉಳಿದ ಆ ಗಾಳಿಯೇ.

ಪ್ರಯಾಣದಲ್ಲಿ ಬಾರ್ ಹಾಳಾಗುವುದು ಒದ್ದೆಯಿಂದ. ತೊಳೆದ ಕೂಡಲೇ ಮುಚ್ಚಿದ ಡಬ್ಬಿಗೆ ಹಾಕಿದರೆ ಸಂಜೆಯ ಹೊತ್ತಿಗೆ ತಳವೆಲ್ಲ ಲೋಳೆ. ಅದಕ್ಕೇ ಇಡೀ ಬಾರ್ ಒಯ್ಯುವುದು ಬೇಡ. ಒಂದು ತಲೆಸ್ನಾನಕ್ಕೆ ಒಂದೆರಡು ಗ್ರಾಂ ಸಾಕಾಗುವುದರಿಂದ ವಾರದ ಓಡಾಟಕ್ಕೆ 15 ಗ್ರಾಂ ತುಂಡು ಧಾರಾಳ. ಅದನ್ನೂ ಮನೆಯಲ್ಲೇ ಒಂದು ಬಾರಿಗೆ ಆಗುವಷ್ಟು ಚೂರುಗಳಾಗಿ ಕತ್ತರಿಸಿಟ್ಟುಕೊಂಡರೆ ಒಣಗಿಸುವ ಪ್ರಶ್ನೆಯೇ ಬರದು. ಬೇಕಾದಾಗ ಒಂದು ಚೂರು ತೆಗೆದು ಒದ್ದೆ ಅಂಗೈಯಲ್ಲಿ ಉಜ್ಜಿ ಮುಗಿಸಬಹುದು.

ನಿಮ್ಮದು ಮೆದು ನೀರಿನ ಊರಾಗಿದ್ದು, ಸಾಬೂನಿನ ಬಾರ್ ಅಲ್ಲಿ ಚೆನ್ನಾಗಿ ಹೊಂದಿದ್ದರೂ ಅದನ್ನು ಪ್ರಯಾಣಕ್ಕೆ ಒಯ್ಯಬೇಡಿ, ಹೋದಲ್ಲಿಯ ನೀರು ಹೇಗಿದೆಯೋ ಮೊದಲೇ ತಿಳಿಯುವುದಿಲ್ಲ. ಒಯ್ದೇಬಿಟ್ಟಿದ್ದರೆ ತಲೆಗೆ ನೀರು ಹಾಕುವ ಮೊದಲು ಕೋಣೆಯ ಕೆಟಲಿನ ತಳ ನೋಡಿ. ಅಲ್ಲಿ ಬಿಳಿ ಸುಣ್ಣದಂಥ ಪದರ ಕಟ್ಟಿದ್ದರೆ ಸಾಬೂನನ್ನು ಚೀಲದಲ್ಲೇ ಬಿಟ್ಟು, ಸ್ನಾನದ ಮನೆಯಲ್ಲಿಟ್ಟಿರುವ ಪುಟ್ಟ ಶಾಂಪೂ ಬಾಟಲಿಯನ್ನು ಬಳಸಿ.