ಪತ್ರ ಬಚ್ಚಿಟ್ಟ ಅಣ್ಣ

ನನ್ನ ಕಥೆಯಲ್ಲಿ ಸುಧಾಗೆ ದೂರದ ಊರಿನಿಂದ ಕೆಲಸದ ಪತ್ರ ಬರುತ್ತದೆ. ಅಣ್ಣ ಶಂಕರ ಅದನ್ನು ಅವಳಿಗೆ ಕೊಡದೆ ಸುಟ್ಟು ಹಾಕುತ್ತಾನೆ. ಕಾರಣ, ಹೊಟ್ಟೆಕಿಚ್ಚು. ಮೊದಲ ಕರಡು ಓದಿದ ಗೆಳತಿ ಕೇಳಿದಳು, "ಇವನು ಯಾಕೆ ಹೀಗೆ ಮಾಡ್ತಾನೆ? ಕಥೆ ಮುಂದೆ ಹೋಗ್ಲಿ ಅಂತ ನೀನು ಮಾಡಿಸಿದ್ದೀಯ ಅಲ್ವಾ?" ಮಾತು ನಿಜವಾಗಿತ್ತು.

ಆಮೇಲೆ ನಾನು ಪತ್ರ ಬಂದ ಆ ಒಂದು ದಿನವನ್ನು ಶಂಕರನೇ ಹೇಳುವ ಹಾಗೆ ಬರೆದೆ. ಕಥೆಯಲ್ಲಿ ಸೇರಿಸೋಕಲ್ಲ, ನನಗೆ ಅವನು ಅರ್ಥವಾಗಲಿ ಅಂತ. ನಾನೇ ಹಾಕಿಕೊಂಡ ನಿಯಮ ಒಂದೇ: ಅವನು ತನ್ನನ್ನು ಕೆಟ್ಟವನು ಅಂದುಕೊಳ್ಳುವ ಹಾಗಿಲ್ಲ. ಬರೆಯುತ್ತಾ ಹೋದಂತೆ ಹಾಸಿಗೆ ಹಿಡಿದ ಅಮ್ಮ ಕಂಡಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಅವಳ ಬೆನ್ನಿಗೆ ಹುಣ್ಣಾಗುತ್ತದೆ. ರಾತ್ರಿಯೆಲ್ಲಾ ಏಳುವವನು ಶಂಕರ. ಹಗಲು ಸುಧಾ ನೋಡಿಕೊಂಡರೆ ಮಾತ್ರ ಅವನು ಕೆಲಸಕ್ಕೆ ಹೋಗಬಹುದು. ಅವಳು ಹೊರಟರೆ ಮನೆ ನಡೆಯುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಪತ್ರ ಸುಡುವ ದೃಶ್ಯ ತಾನಾಗಿಯೇ ಬಿದ್ದುಹೋಯಿತು. ತಾನು ಮಾಡುತ್ತಿರುವುದು ಸರಿ ಅಂತ ನಂಬಿದವನು ಸುಡುವುದಿಲ್ಲ, ಮುಂದೂಡುತ್ತಾನೆ. ಶಂಕರ ಪತ್ರವನ್ನು ಅಮ್ಮನ ಮಾತ್ರೆ ಡಬ್ಬಿಯ ಕೆಳಗೆ ಇಡುತ್ತಾನೆ. ಅಮ್ಮ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಕೊಡ್ತೀನಿ ಅಂದುಕೊಳ್ಳುತ್ತಾನೆ. ಕೆಲಸಕ್ಕೆ ಸೇರುವ ಕೊನೆಯ ದಿನ ಸುಮ್ನೆ ದಾಟಿಹೋಗುತ್ತದೆ.

ಎರಡನೇ ಕರಡಿನಲ್ಲಿ ಬೇರೆ ತಪ್ಪಾಯಿತು. ಅವನ ಕಷ್ಟದ ಬಾಲ್ಯ, ಅರ್ಧಕ್ಕೆ ನಿಂತ ಓದು ಅಂತ ಎರಡು ಪುಟ ತುಂಬಿಸಿದ್ದೆ. ಓದಿದವರಿಗೆ ಅವನ ಮೇಲೆ ಕನಿಕರ ಬಂತು, ಸುಧಾ ಸ್ವಾರ್ಥಿ ಅನ್ನಿಸಿದಳು. ಆ ಎರಡೂ ಪುಟ ತೆಗೆದೆ. ಬದಲಿಗೆ ಒಂದು ಪ್ರಶ್ನೆ ಹಾಕಿದೆ. ಕೊನೆಯ ದಿನಕ್ಕೆ ಇನ್ನೂ ಒಂದು ವಾರ ಇರುವಾಗ ಸುಧಾ ನೇರವಾಗಿ ಕೇಳುತ್ತಾಳೆ, "ಅಣ್ಣಾ, ನನಗೇನಾದ್ರೂ ಪತ್ರ ಬಂತಾ?" ಅವನು ಕೈಯಲ್ಲಿದ್ದ ದುಪ್ಪಟಿ ಮಡಚುತ್ತಲೇ "ಇಲ್ಲ" ಅನ್ನುತ್ತಾನೆ. ಹೇಳಲು ಅವಕಾಶ ಇತ್ತು, ಹೇಳಲಿಲ್ಲ. ಅವನ ಕಾರಣ ಎಷ್ಟೇ ಸರಿಯಿದ್ದರೂ ಅವಳಿಗಾದ ಅನ್ಯಾಯ ಅಲ್ಲಿ ಪೂರ್ತಿ ಕಾಣುತ್ತದೆ.

ಜಾಸ್ತಿ ಕಷ್ಟವಾಗಿದ್ದು ಇನ್ನೊಂದು. ಕಥೆ ಹೇಳುವವಳು ಸುಧಾ. ಶಂಕರನ ರಾತ್ರಿಗಳನ್ನು ಅವಳು ನೋಡಿಲ್ಲ. ಹಾಗಾಗಿ ಅವಳಿಗೆ ಅರ್ಥವಾಗದೆ ಓದುಗರಿಗೆ ಮಾತ್ರ ಹೊಳೆಯುವ ಗುರುತುಗಳನ್ನು ಮೊದಲೇ ಬಿಡಬೇಕಾಯಿತು. ಬೆಳಿಗ್ಗೆ ಕೂತಲ್ಲೇ ತೂಕಡಿಸುವ ಅಣ್ಣನನ್ನು ಅವಳು ಸೋಮಾರಿ ಅಂತ ಬೈಯುತ್ತಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವನ ಅಕ್ಷರದಲ್ಲಿರುವ 12, 2, 4 ಎಂಬ ಅಂಕಿಗಳನ್ನು ನೋಡಿ, ಯಾವುದೋ ಲೆಕ್ಕ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಾಳೆ.